ದೇವಸ್ಥಾನದ ಮುಂದೆ ಎಂದರೆ ಎಲ್ಲಿ?

ಅಕ್ಕನ ಮಗಳು ಹಾಸನದಲ್ಲಿ ನಾಲ್ಕೈದು ಗೆಳೆಯರನ್ನು ಸೇರಿಸಿಕೊಂಡು ಹಳೇಬೀಡಿನಲ್ಲಿ ಪಾರಂಪರಿಕ ನಡಿಗೆ ಏರ್ಪಡಿಸುತ್ತಾಳೆ. ಮಾರ್ಗದರ್ಶಕರನ್ನು ಗೊತ್ತುಮಾಡುವುದು ಅವಳು, ಕಾಫಿಯ ಫ್ಲಾಸ್ಕ್ ಹೊರುವುದು ನಾನು. ಈ ಪದವಿಯ ಜೊತೆಗೆ, ಕನ್ನಡ ಚೆನ್ನಾಗಿ ಬರುತ್ತದೆ ಎಂಬ ಆರೋಪದ ಮೇಲೆ ಇನ್ನೊಂದು ಕೆಲಸವೂ ನನ್ನ ತಲೆಗೆ ಬಿದ್ದಿತು. ಮೊಬೈಲಿನಲ್ಲಿ ಹಾಕುವ ಚಿತ್ರದ ಕೆಳಗೆ ನಾಲ್ಕು ಸಾಲು ಬರೆದುಕೊಡುವ ಕೆಲಸ.

ಮೊದಲ ಸಲ ನಾನು ಬರೆದುಕೊಟ್ಟದ್ದನ್ನು ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ. ‘ಕಲ್ಲಿನಲ್ಲಿ ಅರಳಿದ ಕಾವ್ಯವನ್ನು ಕಣ್ತುಂಬಿಕೊಳ್ಳಲು ಬನ್ನಿ! ಹೊಯ್ಸಳರ ವೈಭವದ ಲೋಕ ನಿಮಗಾಗಿ ಕಾದಿದೆ. ಭಾನುವಾರ ಬೆಳಿಗ್ಗೆ ದೇವಸ್ಥಾನದ ಮುಂದೆ ಸೇರೋಣ. ಸೀಮಿತ ಸ್ಥಳಾವಕಾಶ. ಅತ್ಯಲ್ಪ ಶುಲ್ಕ. ಎಲ್ಲ ವಯಸ್ಸಿನವರಿಗೂ ಸೂಕ್ತ.’ ಇದರಲ್ಲಿ ಒಂದೇ ಒಂದು ಸಂಗತಿಯೂ ಇಲ್ಲವೆಂದು ಆ ಭಾನುವಾರ ಬೆಳಿಗ್ಗೆ ಗೊತ್ತಾಯಿತು.

ದೇವಸ್ಥಾನದ ಮುಂದೆ ಎಂದೆನಲ್ಲ, ಹೊಯ್ಸಳೇಶ್ವರ ದೇವಾಲಯಕ್ಕೆ ಮುಖ ಇರುವುದು ಪೂರ್ವಕ್ಕೆ. ಎರಡು ಗರ್ಭಗುಡಿ, ಎರಡಕ್ಕೂ ಪೂರ್ವದಲ್ಲಿ ಬಾಗಿಲು, ಎದುರಿಗೆ ಒಂದೊಂದು ನಂದಿ ಮಂಟಪ, ಅದರಾಚೆಗೆ ದ್ವಾರಸಮುದ್ರದ ಕೆರೆ. ಆದರೆ ಇವತ್ತು ಬಸ್ಸಿನಲ್ಲಿಯೋ ಕಾರಿನಲ್ಲಿಯೋ ಬಂದವರು ಸಾಮಾನ್ಯವಾಗಿ ಒಳಗೆ ಹೋಗುವುದು ಉತ್ತರದ ಬಾಗಿಲಿನಿಂದ, ಏಕೆಂದರೆ ವಾಹನ ನಿಲ್ಲಿಸುವ ಜಾಗಕ್ಕೆ ಹತ್ತಿರವಿರುವುದು ಅದು. ಅಂದರೆ ಶಿಲ್ಪಿಗಳು ತಿಳಿದ ‘ಮುಂದೆ’ ಒಂದು, ನಾವು ತಿಳಿದ ‘ಮುಂದೆ’ ಇನ್ನೊಂದು. ಹಾಸನದ ಗಂಡಹೆಂಡಿರು ಗೇಟಿನ ಹೊರಗೆ ನಿಂತಿದ್ದರು. ಶಾಸ್ತ್ರ ತಿಳಿದ ಒಬ್ಬರು ನೇರವಾಗಿ ನಂದಿಯ ಎದುರಿಗೆ ಹೋಗಿ ಕೂತಿದ್ದರು. ಇಬ್ಬರು ಹುಡುಗರು ಕೇದಾರೇಶ್ವರದಲ್ಲಿ ಕಾಯುತ್ತಿದ್ದರು. ಅದೂ ಹಳೇಬೀಡಿನ ದೇವಸ್ಥಾನವೇ, ತಪ್ಪೆನ್ನುವಂತಿಲ್ಲ. ಒಬ್ಬ ಪುಣ್ಯಾತ್ಮರು ಬೇಲೂರಿನಿಂದ ಫೋನು ಮಾಡಿದರು. ಹೊಯ್ಸಳರು ಎಂದಿದ್ದೆನಲ್ಲ, ಅವರಿಗೆ ಹೊಯ್ಸಳರೆಂದರೆ ಚೆನ್ನಕೇಶವ. ಎಲ್ಲರನ್ನೂ ಒಂದೆಡೆ ಸೇರಿಸುವ ಹೊತ್ತಿಗೆ ಮುಕ್ಕಾಲು ಗಂಟೆ ಹೋಗಿತ್ತು, ಕಾಫಿ ಆರಿತ್ತು.

ಸೇರುವ ಜಾಗವನ್ನು ಬರೆಯುವಾಗ ನಾನೀಗ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಆ ಊರಿಗೆ ಮೊದಲ ಸಲ ಬಸ್ಸಿನಿಂದ ಇಳಿದವನು ಯಾರನ್ನೂ ಕೇಳದೆ ಅಲ್ಲಿ ಬಂದು ನಿಲ್ಲಬಲ್ಲನೇ? ‘ವಾಹನ ನಿಲುಗಡೆಯ ಕಡೆಯ ಗೇಟಿನ ಹೊರಗೆ, ಒಳಗೆ ಹೋಗಬೇಡಿ’ ಎಂದು ಬರೆದರೆ ನಿಲ್ಲಬಲ್ಲ. ‘ಒಳಗೆ ಹೋಗಬೇಡಿ’ ಎಂಬ ಮಾತು ಒರಟು ಎಂದು ಅಕ್ಕನ ಮಗಳು ಅಳಿಸಲು ನೋಡಿದಳು. ನಾನು ಬಿಡಲಿಲ್ಲ. ಒಳಗೆ ಹೋದವರು ಶಿಲ್ಪದ ಮುಂದೆ ಕರಗಿಹೋಗುತ್ತಾರೆ, ಮತ್ತೆ ಸಿಗುವುದಿಲ್ಲ.

‘ಸೀಮಿತ ಸ್ಥಳಾವಕಾಶ’ ಎಂಬುದಂತೂ ಮದುವೆಮನೆಯ ‘ದಯಮಾಡಿ ಊಟ ಮಾಡಿಕೊಂಡು ಹೋಗಿ’ ಇದ್ದ ಹಾಗೆ; ಯಾರೂ ಅದನ್ನು ಸುದ್ದಿಯೆಂದು ಓದುವುದಿಲ್ಲ. ಎಷ್ಟು ಜನ ಎಂದು ಹೇಳಬೇಕು. ಆ ಸಂಖ್ಯೆಯನ್ನು ನಮ್ಮ ಮಾರ್ಗದರ್ಶಕರು ನೆಲದ ಮೇಲೆ ಹೆಜ್ಜೆ ಹಾಕಿ ತೋರಿಸಿದರು. ಅವರು ಗೋಡೆಯ ಒಂದು ಶಿಲ್ಪದ ಪಕ್ಕ ನಿಂತರೆ ಕೇಳುವವರು ಎರಡು ಮೀಟರ್ ದೂರದಲ್ಲಿ ಅರ್ಧಚಂದ್ರಾಕಾರವಾಗಿ ನಿಲ್ಲುತ್ತಾರೆ. ಆ ಅರ್ಧಚಂದ್ರದ ಉದ್ದ ಆರು ಮೀಟರಿಗೆ ತುಸು ಹೆಚ್ಚು. ಒಬ್ಬರಿಗೆ ಎರಡು ಅಡಿ ಜಾಗ ಬೇಕೆಂದರೆ ಹತ್ತು ಜನ ಹಿಡಿಯುತ್ತಾರೆ. ಹಿಂದೆ ಇನ್ನಿಬ್ಬರು ಎತ್ತರದವರು ನಿಂತರೆ ಹನ್ನೆರಡು. ಹದಿಮೂರನೆಯವರಿಗೆ ಕಾಣುವುದು ಮುಂದಿನವರ ಬೆನ್ನು, ಕೇಳಿಸುವುದು ಪಕ್ಕದ ಶಾಲಾ ಪ್ರವಾಸದ ಗದ್ದಲ. ಅಂಥವರು ಮೊಬೈಲು ತೆಗೆಯುತ್ತಾರೆ, ಆಮೇಲೆ ಅವರ ಪಕ್ಕದವರೂ ತೆಗೆಯುತ್ತಾರೆ. ಹಾಗಾಗಿ ಹನ್ನೆರಡು ಎಂದು ಅಂಕಿಯಲ್ಲೇ ಬರೆದೆವು.

ಶುಲ್ಕದ ಮಾತು ಬಂದಾಗ ನಮ್ಮವರಿಗೆ ಒಂದು ಸಂಕೋಚ. ‘ಅತ್ಯಲ್ಪ’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಓದಿದವರು ಅದನ್ನು ನೂರು ಎಂದುಕೊಳ್ಳುತ್ತಾರೆ, ಬಂದ ಮೇಲೆ ಮುಖ ಸಣ್ಣದು ಮಾಡುತ್ತಾರೆ. ನಮ್ಮ ಲೆಕ್ಕ ಹೀಗಿತ್ತು. ಮಾರ್ಗದರ್ಶಕರಿಗೆ 2,500 ರೂಪಾಯಿ, ಸಣ್ಣಪುಟ್ಟ ಖರ್ಚಿಗೆ 300. ಎಷ್ಟು ಜನ ಬಂದರೂ ಈ 2,800 ಬದಲಾಗದು. ಕಾಫಿ ಮತ್ತು ಕೋಡುಬಳೆಗೆ ತಲೆಗೆ 50. ಹನ್ನೆರಡು ಜನರಿಗೆ ಭಾಗಿಸಿದರೆ ಒಬ್ಬರಿಗೆ 300 ಕೂಡ ಆಗುವುದಿಲ್ಲ, ಅದನ್ನೇ ಇಡೋಣ ಎಂದು ಅಕ್ಕನ ಮಗಳು. ಆದರೆ ಹನ್ನೆರಡು ಹೆಸರು ಬಂದರೆ ಹನ್ನೆರಡು ಜನ ಬರುತ್ತಾರೆಯೇ? ಭಾನುವಾರ ಬೆಳಿಗ್ಗೆ ನಮ್ಮ ಜಿಲ್ಲೆಯಲ್ಲಿ ಮಂಜು ಬೀಳುತ್ತದೆ, ನೆಂಟರೂ ಬರುತ್ತಾರೆ. ಎಂಟು ಜನ ಬಂದರೂ ಕೈಯಿಂದ ಹೋಗಬಾರದು ಎಂದು ಲೆಕ್ಕ ಹಾಕಿದಾಗ 400 ಬಂದಿತು. 2,800ನ್ನು ಎಂಟರಿಂದ ಭಾಗಿಸಿದರೆ 350, ಮೇಲೆ ಕಾಫಿಯ 50. ಎಂಟಕ್ಕಿಂತ ಕಡಿಮೆಯಾದರೆ ನಡಿಗೆ ಇಲ್ಲ, ಹಿಂದಿನ ಸಂಜೆಯೇ ಹೇಳಿ ಹಣ ಹಿಂದಿರುಗಿಸುವುದು. ಈ ಮಾತನ್ನೂ ಬರೆಯಬೇಕು. ವಸ್ತುಸಂಗ್ರಹಾಲಯದ ಟಿಕೆಟ್ ಇದರಲ್ಲಿ ಸೇರಿಲ್ಲ ಎಂಬುದನ್ನೂ ಬರೆಯಬೇಕು. ಐದು ಹತ್ತು ರೂಪಾಯಿಗೆ ಆಗುವಷ್ಟು ಜಗಳ ಸಾವಿರಕ್ಕೆ ಆಗುವುದಿಲ್ಲ.

ನನ್ನನ್ನು ನಿಜವಾಗಿ ಚುಚ್ಚಿದ್ದು ಮಾತ್ರ ಕೊನೆಯ ವಾಕ್ಯ. ‘ಎಲ್ಲ ವಯಸ್ಸಿನವರಿಗೂ ಸೂಕ್ತ.’ ಅದನ್ನು ನಂಬಿಕೊಂಡು ಅರಸೀಕೆರೆಯಿಂದ ನಿವೃತ್ತ ಟೀಚರಮ್ಮನವರೊಬ್ಬರು ಬಂದಿದ್ದರು. ಕೈಯಲ್ಲಿ ಕೋಲು, ಎರಡೂ ಮಂಡಿಗೆ ಪಟ್ಟಿ. ದೇವಾಲಯ ನಿಂತಿರುವುದು ಜಗತಿಯ ಮೇಲೆ, ನಕ್ಷತ್ರದಂತೆ ಮೂಲೆಮೂಲೆಯಾಗಿ ಹರಡಿದ ಎತ್ತರದ ಕಟ್ಟೆಯ ಮೇಲೆ. ಅದನ್ನು ಹತ್ತದೆ ಗೋಡೆಯ ಹತ್ತಿರ ಹೋಗಲಾಗದು. ಅವರು ಮೆಟ್ಟಿಲ ಬುಡದಲ್ಲಿ ಒಂದು ಗಳಿಗೆ ನಿಂತು ನೋಡಿದರು. ‘ನೀವು ಹೋಗಿ ಬನ್ನಿ, ನಾನು ಇಲ್ಲೇ ಚಪ್ಪಲಿ ಕಾಯುತ್ತೇನೆ’ ಎಂದು ನೆರಳಿಗೆ ಸರಿದರು. ಎರಡು ಗಂಟೆ ಅವರು ನಮ್ಮ ಚಪ್ಪಲಿ ಕಾದರು. 400 ರೂಪಾಯಿ ಕೊಟ್ಟು.

ಮುಂದಿನ ವಾರ ನಾವಿಬ್ಬರೂ ಇದಕ್ಕೆಂದೇ ಹಳೇಬೀಡಿಗೆ ಹೋದೆವು. ಅಕ್ಕನ ಮಗಳ ಮೊದಲ ಯೋಚನೆ, ಗಾಲಿಕುರ್ಚಿ ಹತ್ತಿಸಲು ಮರದ ಹಲಗೆ ಒಯ್ಯುವುದು. ಗಾಲಿಕುರ್ಚಿಯ ಇಳಿಜಾರಿಗೆ ಒಂದು ಲೆಕ್ಕವಿದೆ: ಒಂದು ಅಡಿ ಏರಬೇಕಾದರೆ ಹಲಗೆ ಹನ್ನೆರಡು ಅಡಿ ಚಾಚಬೇಕು. ಕಟ್ಟೆ ಮೂರು ಅಡಿಯೇ ಇದ್ದರೂ ಮೂವತ್ತಾರು ಅಡಿಯ ಹಲಗೆ ಬೇಕು. ಅದನ್ನು ಹೊತ್ತು ತರುವ ಲಾರಿಗೆ ಬೇರೆ ಶುಲ್ಕ. ಮೇಲಾಗಿ ಅದು ಸಂರಕ್ಷಿತ ಸ್ಮಾರಕ, ನಮ್ಮಿಷ್ಟಕ್ಕೆ ಏನನ್ನೂ ಆನಿಸುವಂತಿಲ್ಲ. ಹಾಗಾದರೆ ‘ಅಗತ್ಯವಿದ್ದವರಿಗೆ ಸಹಾಯ ಮಾಡಲಾಗುವುದು’ ಎಂದು ಬರೆಯೋಣ ಎಂದಳು. ಸಹಾಯ ಎಂದರೆ ನಾಲ್ಕು ಜನ ಸೇರಿ ಕುರ್ಚಿಯನ್ನು ಎತ್ತುವುದೇ? ಸವೆದ ಕಲ್ಲಿನ ಮೇಲೆ, ಬರಿಗಾಲಿನಲ್ಲಿ, ಕುಳಿತವರ ಒಪ್ಪಿಗೆಯನ್ನೂ ಕೇಳದೆ? ಅದನ್ನೂ ಬಿಟ್ಟೆವು.

ಕೊನೆಗೆ ನಾವು ಮಾಡಿದ್ದು ಬಹಳ ಸಣ್ಣ ಕೆಲಸ. ಒಂದು ಲೀಟರಿನ ನೀರಿನ ಬಾಟಲಿಯನ್ನು ಮೆಟ್ಟಿಲ ಪಕ್ಕ ನಿಲ್ಲಿಸಿ ಚಿತ್ರ ತೆಗೆದೆವು. ಇಷ್ಟು ಇಂಚು ಎಂದು ಬರೆದರೆ ಯಾರ ಮಂಡಿಗೂ ಅರ್ಥವಾಗುವುದಿಲ್ಲ, ಬಾಟಲಿಯ ಎತ್ತರ ಎಲ್ಲರ ಕೈಗೂ ಗೊತ್ತು. ಹತ್ತಬಲ್ಲೆನೇ ಇಲ್ಲವೇ ಎಂಬುದನ್ನು ಅವರವರ ಮಂಡಿ ಮನೆಯಲ್ಲೇ ತೀರ್ಮಾನಿಸಲಿ. ಹತ್ತದವರಿಗೆ ನೆಲದ ಮೇಲಿನಿಂದ ಏನು ಕಾಣುತ್ತದೆ ಎಂದು ಸುತ್ತ ನಡೆದು ನೋಡಿದೆವು. ಗೋಡೆಯ ಮೇಲ್ಭಾಗದ ದೊಡ್ಡ ದೇವತಾಮೂರ್ತಿಗಳು ಕಾಣುತ್ತವೆ, ಬುಡದ ಸಾಲುಗಳನ್ನು ಕಟ್ಟೆಯ ಅಂಚು ಮರೆಮಾಡುತ್ತದೆ. ಇದನ್ನು ಹಾಗೆಯೇ ಬರೆದೆವು. ಹತ್ತುವುದಿಲ್ಲ ಎನ್ನುವವರಿಗೆ ಅರ್ಧ ಶುಲ್ಕ, ಜೊತೆಗೆ ನೋಡಿಕೊಳ್ಳಲು ಬರುವವರಿಗೆ ಶುಲ್ಕವಿಲ್ಲ ಎಂದೂ ಸೇರಿಸಿದೆವು.

ಕಟ್ಟೆಯ ಮೇಲೆ ಬರಿಗಾಲು, ಬಿಸಿಲೇರಿದರೆ ಕಲ್ಲು ಹೆಂಚಿನಂತೆ ಕಾಯುತ್ತದೆ. ಆದ್ದರಿಂದ 7.30ಕ್ಕೆ ಆರಂಭ, ಕಾಲುಚೀಲ ತನ್ನಿ ಎಂದೂ ಬರೆದೆವು. ಒಳಗೆ ಕತ್ತಲು, ಹೊಸ್ತಿಲು ದಾಟಬೇಕು. ಆಮೇಲೆ ಬಸದಿಹಳ್ಳಿ ಮತ್ತು ಕೇದಾರೇಶ್ವರದವರೆಗೆ ರಸ್ತೆಯಲ್ಲಿ ನಡಿಗೆ. ಅದು ಆಗದವರು ವಾಹನದಲ್ಲಿ ಬಂದು ಅಲ್ಲಿ ಸೇರಬಹುದು. ಶೌಚಾಲಯದ ವಿಷಯವನ್ನು ಬರೆಯಲು ನನ್ನ ಲೇಖನಿ ನಾಚಿತು. ಅಕ್ಕನ ಮಗಳ ಬೆರಳು ನಾಚಲಿಲ್ಲ.

ಕಣ್ಣು ಕಾಣದವರೊಬ್ಬರು ಬರಬಹುದೇ ಎಂದು ಕೇಳಿದ್ದರು. ಮೆಟ್ಟಿಲು, ಶೌಚಾಲಯದಂಥ ವಿವರವೆಲ್ಲ ಬಣ್ಣದ ಚಿತ್ರದೊಳಗೆ ಅಕ್ಷರವಾಗಿ ಕೂತಿದ್ದರಿಂದ ಅವರ ಮೊಬೈಲು ಅದನ್ನು ಓದಿ ಹೇಳಿರಲಿಲ್ಲ. ಅಂದಿನಿಂದ ವಿವರವನ್ನು ಚಿತ್ರದ ಕೆಳಗೂ ಬರೆಯುತ್ತೇವೆ. ಶಿಲ್ಪ ಮುಟ್ಟುವಂತಿಲ್ಲ, ನಿಜ. ಅದಕ್ಕೆ ನಮ್ಮ ಮಾರ್ಗದರ್ಶಕರು ಜೇಬಿನಲ್ಲಿ ಬಳಪದ ಕಲ್ಲಿನ ಒಂದು ಚೂರು ಇಟ್ಟುಕೊಂಡಿರುತ್ತಾರೆ. ಉಗುರಿನಿಂದ ಕೆರೆದರೆ ಪುಡಿ ಬರುವಷ್ಟು ಮೃದು. ಇಂಥ ಕಲ್ಲು ಶಿಲ್ಪಿಯ ಉಳಿಗೆ ಸುಲಭವಾಗಿ ಒಲಿಯುತ್ತದೆ ಎಂಬ ಮಾತನ್ನು ಬೆರಳೇ ತಿಳಿದುಕೊಳ್ಳುತ್ತದೆ. ಕಣ್ಣಿರುವವರೂ ಅದಕ್ಕಾಗಿ ಕೈಚಾಚುತ್ತಾರೆ.

ಇಷ್ಟೆಲ್ಲ ಆದ ಮೇಲೆ ಹೊಯ್ಸಳರ ವೈಭವಕ್ಕೆ ಜಾಗವೆಲ್ಲಿ? ಮೊಬೈಲಿನಲ್ಲಿ ಮೊದಲ ಎರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದಕ್ಕೆ ಬೆರಳಿನಿಂದ ಒತ್ತಬೇಕು. ನಾನು ಹಿಂದೆ ಆ ಎರಡು ಸಾಲನ್ನೂ ಕಾವ್ಯಕ್ಕೆ ಕೊಟ್ಟಿದ್ದೆ. ಈಗ ಅಲ್ಲಿ ಇರುವುದು ಇಷ್ಟು: ‘ಹಳೇಬೀಡು ನಡಿಗೆ, ಭಾನುವಾರ ಬೆಳಿಗ್ಗೆ 7.30ರಿಂದ 10.30. 12 ಜನ, ಒಬ್ಬರಿಗೆ 400 ರೂ. ವಾಹನ ನಿಲುಗಡೆಯ ಕಡೆಯ ಗೇಟಿನ ಹೊರಗೆ ಸೇರುವುದು, ಒಳಗೆ ಹೋಗಬೇಡಿ. ಮೆಟ್ಟಿಲು ಇವೆ, ಎರಡನೆಯ ಚಿತ್ರ ನೋಡಿ.’ ವಿಷ್ಣುವರ್ಧನನ ಕಾಲದಲ್ಲಿ 1121ರ ಹೊತ್ತಿಗೆ ಕಟ್ಟಲು ತೊಡಗಿದ್ದು, 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಎಲ್ಲ ಅದರ ಕೆಳಗೆ. ಒಂಬೈನೂರು ವರ್ಷ ಕಾದವರು ಎರಡು ಸಾಲು ಕಾಯಲಾರರೇ?

ಎರಡನೆಯ ಚಿತ್ರ ನೋಡಿ ಅರಸೀಕೆರೆಯ ಟೀಚರಮ್ಮ ಫೋನು ಮಾಡಿದರು. ಅವರ ಲೆಕ್ಕ ಬೇರೆ. ‘ಮೆಟ್ಟಿಲು ಬಾಟಲಿಗಿಂತ ದೊಡ್ಡದಲ್ಲವಲ್ಲ, ಬಲಗಾಲು ಮೊದಲು ಇಟ್ಟು ನಿಧಾನಕ್ಕೆ ಹತ್ತುತ್ತೇನೆ. ಆದರೆ ಮೇಲೆ ಹೋದಮೇಲೆ ನಿಂತುಕೊಂಡಿರಲು ಆಗದು. ಸ್ಟೂಲ್ ಇದೆಯೇ?’ ಆ ಸಣ್ಣಪುಟ್ಟ ಖರ್ಚಿನ 300ರಲ್ಲಿ ಮಡಚುವ ಸ್ಟೂಲ್ ಬಂದಿತು. ಹೊರುವ ಕೆಲಸ, ಹೇಳಬೇಕಾಗಿಲ್ಲ, ನನ್ನದು.

ಅವರು ಹತ್ತಿದರು. ಕೋಲನ್ನು ನನ್ನ ಕೈಗೆ ಕೊಟ್ಟು ಗೋಡೆಯಿಂದ ಒಂದು ಮಾರು ದೂರದಲ್ಲಿ ಕುಳಿತರು. ಗೋಡೆಯ ಬುಡದಲ್ಲಿ ಕೆಳಗಿನ ಸಾಲು ಆನೆಗಳದು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ. ನಿಂತು ನೋಡುವವರ ಕಣ್ಣು ಮೇಲಿನ ದೊಡ್ಡ ಮೂರ್ತಿಗಳಿಗೆ ಹೋಗುತ್ತದೆ. ಆನೆ ನೋಡಬೇಕಾದರೆ ಬಗ್ಗಬೇಕು, ಯಾರು ಬಗ್ಗುತ್ತಾರೆ? ಕುಳಿತವರಿಗೆ ಆನೆಗಳು ಮುಖಕ್ಕೆ ಹತ್ತಿರ. ಈ ಆನೆಗಳಲ್ಲಿ ಒಂದರಂತೆ ಇನ್ನೊಂದು ಇಲ್ಲವೆಂದು ಮಾರ್ಗದರ್ಶಕರು ಹೇಳಿದರು. ಗುಂಪು ತಲೆಯಾಡಿಸಿ ಮುಂದಿನ ಮೂಲೆಗೆ ತಿರುಗಿತು. ಟೀಚರಮ್ಮ ತಿರುಗಲಿಲ್ಲ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕಣ್ಣು, ನಕಲು ಹೊಡೆದದ್ದನ್ನು ಹಿಡಿಯದೆ ಬಿಡುವುದಿಲ್ಲ.

‘ಒಂಬತ್ತು ಆನೆ ಆಯಿತು’ ಎಂದರು. ‘ಈ ಸ್ಟೂಲನ್ನು ಸ್ವಲ್ಪ ಎಡಕ್ಕೆ ಸರಿಸಿ.’