ಸೂರ್ಯನ ಮಾರಿ ನೋಡದ ಹೂವು

ಕಲಬುರಗಿಯ ನಮ್ಮ ಮನೆ ಅಂಗಳದಲ್ಲಿ ಒಂದು ಪಾರಿಜಾತದ ಗಿಡ ಇದೆ. ಹೂ ಬಿಡುವ ದಿನಗಳಲ್ಲಿ ನಸುಕಿನಲ್ಲೇ ಕದ ತೆಗೆದರೆ ಶಹಾಬಾದ್ ಫರಶಿ ತುಂಬ ಬಿಳಿ ಹೂವು. ಎಷ್ಟೋ ಹೂವು ಕೇಸರಿ ತೊಟ್ಟು ಮೇಲಾಗಿ ಬೋರಲು ಬಿದ್ದಿರುತ್ತವೆ. ಚಿಕ್ಕವನಿದ್ದಾಗ ಆಯಿಯನ್ನು ಕೇಳಿದ್ದೆ, ಯಾಕೆ ಬೀಳ್ತಾವ ಅಂತ. "ಅಕಿಗಿ ಸೂರ್ಯನ ಮಾರಿ ನೋಡ್ಲಾಕ ಮನಸಿಲ್ಲಪಾ" ಅಂದಿದ್ದಳು.

ಕಥೆ ನಿಮಗೂ ಗೊತ್ತಿರಬಹುದು. ಒಬ್ಬ ರಾಜಕುಮಾರಿ ಸೂರ್ಯನನ್ನು ಪ್ರೀತಿಸಿದಳು, ಅವನು ಕೈಬಿಟ್ಟ, ಅವಳು ಬೆಂಕಿಗೆ ಬಿದ್ದಳು, ಆ ಬೂದಿಯಲ್ಲಿ ಈ ಗಿಡ ಹುಟ್ಟಿತು. (ಸತ್ಯಭಾಮೆಯ ಪಾರಿಜಾತದ ಜಗಳ ಬೇರೆಯದು.)

ಗ್ರೀಕರಲ್ಲೂ ಇಂಥದ್ದೇ ಒಬ್ಬಳಿದ್ದಾಳೆ, ಕ್ಲೈಟಿ. ಅವಳನ್ನೂ ಸೂರ್ಯನೇ ಬಿಟ್ಟದ್ದು. ಒಂಬತ್ತು ದಿನ ಅನ್ನ ನೀರು ಬಿಟ್ಟು, ಅವನು ಹೋದತ್ತ ಮುಖ ತಿರುಗಿಸುತ್ತ ನೆಲದಲ್ಲೇ ಕೂತು ಹೂವಾದಳು. ಈಗಲೂ ಅವನತ್ತಲೇ ತಿರುಗುತ್ತಾಳಂತೆ. ದುಃಖ ಒಂದೇ, ಆದರೆ ಇಬ್ಬರ ನಡತೆ ತದ್ವಿರುದ್ಧ. ಹಾಗಾದರೆ ಮೊದಲು ಬಂದದ್ದು ದುಃಖವಲ್ಲ, ಗಿಡದ ನಡತೆ ಅಂತ ನನಗನ್ನಿಸುತ್ತದೆ. ಒಂದು ಹೂವು ಬಿಸಿಲಿಗೆ ಮೊದಲೇ ಉದುರುತ್ತದೆ, ಇನ್ನೊಂದು ಬಿಸಿಲಿನ ಹಿಂದೆ ತಿರುಗುತ್ತದೆ. ದಿನಾ ತಪ್ಪದೆ ನಡೆಯುವುದನ್ನು ಕಂಡರೆ ಅದರ ಹಿಂದೆ ಒಂದು ಹಟ ಇದೆ ಅನ್ನಿಸುತ್ತದೆ. ಹಟ ಇರುವುದು ಮನುಷ್ಯರಿಗೆ ಅಲ್ವಾ? ಹಾಗಾಗಿ ಒಳಗೆ ಒಬ್ಬಳನ್ನು ಕೂರಿಸಿದರು.

ಕ್ಲೈಟಿ ಸೂರ್ಯಪಾನದ ಹೂವಾದಳು ಅಂತ ಜಾಸ್ತಿ ಜನ ಬರೆಯುತ್ತಾರೆ. ಅದು ತಪ್ಪು. ಸೂರ್ಯಪಾನ ಅಮೆರಿಕ ಖಂಡದ ಗಿಡ, 1492ರ ನಂತರವೇ ಆಚೆ ಬಂದದ್ದು. ಕಥೆ ಅದಕ್ಕಿಂತ ಎಷ್ಟೋ ಹಳೆಯದು, ಅದರಲ್ಲಿನ ಹೂವು ನೇರಳೆ ಬಣ್ಣದ ಪುಟ್ಟ ಹೂವಿನ ಹಾಗಿದೆ. ಇನ್ನೊಂದು ಮಾತು. ನಮ್ಮ ಕಡೆ ಹೊಲದಲ್ಲಿ ನಿಂತು ನೋಡಿ. ಎಳೆಯ ಸೂರ್ಯಪಾನ ಹಗಲೆಲ್ಲ ಪೂರ್ವದಿಂದ ಪಶ್ಚಿಮಕ್ಕೆ ತಿರುಗಿ, ರಾತ್ರಿ ವಾಪಸ್ ಬರುತ್ತದೆ. ಹಗಲು ಕಾಂಡದ ಪೂರ್ವದ ಮಗ್ಗುಲು ಜಾಸ್ತಿ ಬೆಳೆಯುತ್ತದೆ, ರಾತ್ರಿ ಪಶ್ಚಿಮದ ಮಗ್ಗುಲು. ಹೂವು ಪೂರ್ತಿ ಅರಳಿ ಬೆಳವಣಿಗೆ ನಿಂತ ಮೇಲೆ ಪೂರ್ವಕ್ಕೇ ಮುಖ ಮಾಡಿ ನಿಲ್ಲುತ್ತದೆ. ಬೆಳಿಗ್ಗೆ ಬೇಗ ಬಿಸಿಯಾಗುವ ಹೂವಿಗೆ ಜೇನ್ನೊಣ ಹೆಚ್ಚು ಬರುತ್ತವೆ. ಅಂದರೆ ವಯಸ್ಸಾದ ಸೂರ್ಯಪಾನ ಯಾರ ಹಿಂದೆಯೂ ತಿರುಗುವುದಿಲ್ಲ!

ಆದರೆ ಇಂಥ ಕಥೆಗಳೆಲ್ಲ ಗಿಡದ ನಡತೆಯನ್ನೇ ವಿವರಿಸುತ್ತವೆ ಅಂತಲ್ಲ. ಗ್ರೀಕರದೇ ಇನ್ನೊಂದು ಕಥೆಯಲ್ಲಿ ಡಾಫ್ನೆ ಅನ್ನುವವಳು, ಬೆನ್ನಟ್ಟಿ ಬಂದ ಅಪೊಲೊ ದೇವರಿಂದ ತಪ್ಪಿಸಿಕೊಳ್ಳಲು ಲಾರೆಲ್ ಮರವಾದಳು. ಆ ಕಥೆ ಮರದ ಬಗ್ಗೆ ಹೇಳುವುದು ಕಡಿಮೆ. ಗೆದ್ದವರ ತಲೆಗೆ ಅದೇ ಎಲೆಯ ಮಾಲೆ ಯಾಕೆ ಅನ್ನುವ ರೂಢಿಗೆ ಅದು ಉತ್ತರ. ನಮ್ಮ ಪಾರಿಜಾತ ಎರಡೂ ಕೆಲಸ ಮಾಡುತ್ತದೆ. ನೆಲಕ್ಕೆ ಬಿದ್ದ ಹೂವನ್ನು ದೇವರಿಗೆ ಏರಿಸುವುದಿಲ್ಲ, ಆದರೆ ಇದಕ್ಕೆ ರಿಯಾಯಿತಿ. ಕೇಳಿದರೆ ಆಯಿಗೆ ಅದೇ ಕಥೆ ಸಾಕಾಗುತ್ತಿತ್ತು. "ತಾನಾಗೇ ಬಿದ್ದಾಳ, ಯಾರೂ ಕಿತ್ತಿಲ್ಲ" ಅನ್ನುತ್ತ ಸೆರಗಿನಲ್ಲಿ ಹೂ ಆರಿಸಿಕೊಂಡು ಒಳಗೆ ಹೋಗುತ್ತಿದ್ದಳು.