ಸಾಮರ್ಥ್ಯ ಅಂದರೆ ಯಾವ ಸಾಮರ್ಥ್ಯ?

"ಕೆಲಸ ಮಾಡುವ ಸಾಮರ್ಥ್ಯವೇ ಶಕ್ತಿ." ಕನ್ನಡ ಮಾಧ್ಯಮದಲ್ಲಿ ಹೈಸ್ಕೂಲು ಮುಗಿಸಿದ ಎಷ್ಟೋ ಜನ ನಿದ್ದೆಗಣ್ಣಲ್ಲೂ ಒಪ್ಪಿಸುವ ವಾಕ್ಯ ಇದು. ಅದೇ ಪಾಠದಲ್ಲಿ ಮುಂದೆ ಹೋದರೆ ಇನ್ನೊಂದು ವ್ಯಾಖ್ಯೆ ಬರುತ್ತದೆ: "ಕೆಲಸ ಮಾಡುವ ದರವೇ ಸಾಮರ್ಥ್ಯ." ಈಗ ಎರಡನ್ನೂ ಒಟ್ಟಿಗೆ ಇಟ್ಟು ಓದಿ. ಸ್ವಲ್ಪ ಯೋಚಿಸುವ ಮಗುವಾದರೆ ಎರಡನೆಯದನ್ನು ಮೊದಲನೆಯದಕ್ಕೆ ಸೇರಿಸಿ, ಶಕ್ತಿಯೂ ಒಂದು ದರ ಅಂದುಕೊಳ್ಳುತ್ತದೆ. ತಪ್ಪು ಮಗುವಿನದಲ್ಲ. ನಾವು ಕೊಟ್ಟ ವಾಕ್ಯಗಳಿಂದ ಸರಿಯಾದ ತರ್ಕದಲ್ಲೇ ಅದು ತಪ್ಪು ಉತ್ತರಕ್ಕೆ ತಲುಪಿದೆ.

ಗಣಿತ, ವಿಜ್ಞಾನದ ಪಾಠಗಳನ್ನು ಕನ್ನಡಕ್ಕೆ ತರುವ ಮಾತು ಬಂದಾಗಲೆಲ್ಲ ಚರ್ಚೆ ಪದಗಳ ಮೇಲೇ ನಿಂತುಬಿಡುತ್ತದೆ. ಸಂಸ್ಕೃತದ ಪದ ಬೇಕೇ, ಅಚ್ಚಗನ್ನಡ ಬೇಕೇ, ಇಂಗ್ಲಿಷನ್ನೇ ಇಟ್ಟುಕೊಳ್ಳೋಣವೇ, ಹೀಗೆ. ನನ್ನ ಅನುಭವದಲ್ಲಿ ಪದಪಟ್ಟಿ ಒಪ್ಪಿಗೆಯಾದ ಮೇಲೇ ನಿಜವಾದ ತೊಂದರೆ ಶುರುವಾಗುವುದು. ಒಂದು ಪದವನ್ನು ಪಾರಿಭಾಷಿಕ ಪದ ಅಂತ ಒಪ್ಪಿಕೊಂಡ ಕೂಡಲೇ, ಆ ಪಾಠದ ಮಟ್ಟಿಗೆ ಅದನ್ನು ಆಡುಮಾತಿನ ಅರ್ಥದಲ್ಲಿ ಬಳಸುವ ಹಕ್ಕನ್ನು ನಾವು ಬಿಟ್ಟುಕೊಡಬೇಕು. ಪದಪಟ್ಟಿ ಮಾಡುವವರು ಇದನ್ನು ಹೇಳುವುದಿಲ್ಲ. ಅನುವಾದ ಮಾಡುವವರಿಗೆ ಹೊಳೆಯುವುದಿಲ್ಲ, ಯಾಕೆಂದರೆ ಅವರಿಗೆ ವಿಷಯ ಮೊದಲೇ ಗೊತ್ತಿರುತ್ತದೆ.

ಒಂದು ಲೆಕ್ಕ ನೋಡಿ. 10 ಕಿಲೋಗ್ರಾಂ ದ್ರವ್ಯರಾಶಿಯ ಪೆಟ್ಟಿಗೆಯನ್ನು ಇಬ್ಬರು 2 ಮೀಟರ್ ಎತ್ತರಕ್ಕೆ ಎತ್ತುತ್ತಾರೆ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ ಇಬ್ಬರೂ ಮಾಡಿದ ಕೆಲಸ 200 ಜೂಲ್. ಒಬ್ಬಳು 4 ಸೆಕೆಂಡಿನಲ್ಲಿ ಎತ್ತಿದಳು, ಇನ್ನೊಬ್ಬ 10 ಸೆಕೆಂಡು ತೆಗೆದುಕೊಂಡ. P = W/t ಪ್ರಕಾರ ಅವಳದು 50 ವ್ಯಾಟ್, ಅವನದು 20 ವ್ಯಾಟ್. ಕೆಲಸ ಒಂದೇ, ಸಾಮರ್ಥ್ಯ ಬೇರೆ. ಇಡೀ ಪಾಠದ ತಿರುಳೇ ಈ ವ್ಯತ್ಯಾಸ. ಇದರ ಕೆಳಗೆ "ಇಬ್ಬರಿಗೂ ಪೆಟ್ಟಿಗೆ ಎತ್ತುವ ಸಾಮರ್ಥ್ಯವಿದೆ" ಅಂತ ಒಂದು ಸಹಜವಾದ ವಾಕ್ಯ ಬರೆದಿರೋ, ಕಟ್ಟಿದ್ದೆಲ್ಲ ಕುಸಿಯಿತು. ಕನ್ನಡವಾಗಿ ಆ ವಾಕ್ಯದಲ್ಲಿ ಯಾವ ಲೋಪವೂ ಇಲ್ಲ, ಬಂದು ಕೂತ ಜಾಗ ಮಾತ್ರ ತಪ್ಪು.

ಹಾಗಾದರೆ ಏನು ಮಾಡುವುದು? ಪದ ಬದಲಿಸಬೇಡಿ, ವಾಕ್ಯ ಬದಲಿಸಿ. "ಒಂದು ವಸ್ತು ಕೆಲಸ ಮಾಡಬಲ್ಲದಾದರೆ ಅದರಲ್ಲಿ ಶಕ್ತಿ ಇದೆ ಎನ್ನುತ್ತೇವೆ." ಇಂಗ್ಲಿಷಿನಲ್ಲಿ ನಾಮಪದ ಇದೆ ಅಂತ ಕನ್ನಡದಲ್ಲೂ ನಾಮಪದವೇ ಬೇಕೆಂದಿಲ್ಲ. ನಮ್ಮಲ್ಲಿ 'ಬಲ್ಲ' ಅನ್ನುವ ಅಷ್ಟು ಒಳ್ಳೆಯ ಕ್ರಿಯಾಪದ ಇದೆ. ಪೆಟ್ಟಿಗೆಯ ವಾಕ್ಯವೂ "ಇಬ್ಬರೂ ಪೆಟ್ಟಿಗೆ ಎತ್ತಬಲ್ಲರು" ಅಂದರೆ ಮುಗಿಯಿತು. ಸಾಮರ್ಥ್ಯ ಅನ್ನುವ ಪದ ವ್ಯಾಟ್ ಬರುವ ತನಕ ಪಾಠದೊಳಗೆ ಕಾಲಿಡಲೇಬಾರದು.

ಇದೇ ಕಷ್ಟ 'ಶಕ್ತಿಶಾಲಿ'ಯದೂ. ಸಾಮರ್ಥ್ಯವನ್ನು ಪರಿಚಯಿಸುವಾಗ "ಹೆಚ್ಚು ಶಕ್ತಿಶಾಲಿ ಇಂಜಿನ್ನಿನ ವಾಹನ ಬೇಗ ತಲುಪುತ್ತದೆ" ಅಂತ ಕೈ ತಾನಾಗಿಯೇ ಬರೆಯುತ್ತದೆ. ಹೇಳಹೊರಟಿದ್ದು ಸಾಮರ್ಥ್ಯದ ಬಗ್ಗೆ, ಬರೆದದ್ದು ಶಕ್ತಿ. ಎಲ್ಲಕ್ಕಿಂತ ಮೋಜಿನದು ಅಶ್ವಶಕ್ತಿ! 1 ಅಶ್ವಶಕ್ತಿ ಅಂದರೆ ಸುಮಾರು 746 ವ್ಯಾಟ್, ಅಂದರೆ ಅಳೆಯುವುದು ಸಾಮರ್ಥ್ಯವನ್ನು, ಹೆಸರಿನಲ್ಲಿರುವುದು ಶಕ್ತಿ. ಅದನ್ನು 'ಅಶ್ವಸಾಮರ್ಥ್ಯ' ಮಾಡೋಣ ಅಂದರೆ ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಪಂಪ್‌ಸೆಟ್ ನೋಡಿ ಬೆಳೆದ ಮಕ್ಕಳಿಗೆ 'ಐದು ಎಚ್‌ಪಿ ಮೋಟಾರು' ಚೆನ್ನಾಗಿ ಗೊತ್ತು. ಇಲ್ಲಿ ಎಚ್‌ಪಿ ಅಂತಲೇ ಬರೆಯುವುದು ನನಗೆ ಸರಿ ಕಾಣುತ್ತದೆ. ಕನ್ನಡಾಭಿಮಾನಿಗಳು ಬೈಯುವುದಾದರೆ ಬೈಯಲಿ.

ಬಲದ ಪಾಠದಲ್ಲಿ ಇನ್ನೊಂದು ಗುಂಡಿ ಇದೆ. "ಬಲಕ್ಕೆ 5 N, ಎಡಕ್ಕೆ 3 N ಬಲ ಪ್ರಯೋಗಿಸಿದರೆ" ಅಂತ ಬರೆದಾಗ ಮೊದಲ ಪದ ದಿಕ್ಕೋ, ಬಲವೋ? ಚಿತ್ರ ಎದುರಿಗಿದ್ದರೆ ತಿಳಿಯುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಚಿತ್ರ ಇರುತ್ತದೆಂದು ಹೇಳಲಾಗದು. 'ಬಲಗಡೆಗೆ' ಎಂದು ಬರೆದರೆ ಅರ್ಧ ಗೊಂದಲ ಹೋಯಿತು. ದಿಕ್ಕನ್ನೇ ಪೂರ್ವ, ಪಶ್ಚಿಮ ಮಾಡಿದರೆ ಪೂರ್ತಿ ಹೋಯಿತು. ಮೂಲದಲ್ಲಿ ಬಲ-ಎಡ ಇದೆಯಲ್ಲ ಅನ್ನುವವರಿಗೆ ನನ್ನ ಉತ್ತರ: ಒಟ್ಟು ಬಲ ಆಗಲೂ 2 N, ದಿಕ್ಕಿನ ಹೆಸರು ಮಾತ್ರ ಪೂರ್ವ, ಭೌತಶಾಸ್ತ್ರಕ್ಕೇನೂ ನಷ್ಟವಿಲ್ಲ.

ಹಾಗಂತ ಪದಗಳನ್ನು ನಮಗೆ ಸರಿಕಂಡಂತೆ ತಿದ್ದಲು ಹೊರಡಬಾರದು. ಗಣಿತದಲ್ಲಿ ಇದರ ಒಳ್ಳೆಯ ಉದಾಹರಣೆ ಕರ್ಣ, ವಿಕರ್ಣ. ನಮ್ಮ ಪಠ್ಯಗಳಲ್ಲಿ ಚತುರ್ಭುಜದ ಎದುರು ಶೃಂಗಗಳನ್ನು ಸೇರಿಸುವ ಗೆರೆ ಕರ್ಣ, ಲಂಬಕೋನ ತ್ರಿಭುಜದ ಅತಿ ಉದ್ದದ ಬಾಹು ವಿಕರ್ಣ. ಸಂಸ್ಕೃತ ಗಣಿತದಲ್ಲಿ, ಭಾಸ್ಕರಾಚಾರ್ಯರ ಲೀಲಾವತಿಯಲ್ಲೂ, ಭುಜ-ಕೋಟಿಗಳ ಜೊತೆಗಿನ ಆ ಉದ್ದ ಬಾಹುವಿಗೆ ಕರ್ಣ ಅಂತಲೇ ಹೆಸರು. ಹಿಂದಿಯ ಪಠ್ಯಗಳಲ್ಲೂ ಹಾಗೆಯೇ, ವಿಕರ್ಣ ಅಲ್ಲಿ ಚತುರ್ಭುಜದ್ದು. ಅಂದರೆ ನಮ್ಮದು ತಿರುಗುಮುರುಗು. ಸಂಸ್ಕೃತ ಬಲ್ಲ ಗೆಳೆಯರೊಬ್ಬರು ಇದನ್ನು ಸರಿಪಡಿಸಲೇಬೇಕೆಂದು ಪಟ್ಟು ಹಿಡಿದಿದ್ದರು. ಇತಿಹಾಸ ಅವರ ಕಡೆಗಿದೆ, ಒಪ್ಪುತ್ತೇನೆ. ಆದರೆ "ವಿಕರ್ಣದ ಮೇಲಿನ ವರ್ಗ" ಎಂದು ಕಲಿತ ಮೇಷ್ಟ್ರು, ಹಾಗೆಯೇ ಅಚ್ಚಾದ ಹಳೆಯ ಪ್ರಶ್ನೆಪತ್ರಿಕೆ, ಮುಂದಿನ ತರಗತಿಯ ಪುಸ್ತಕ ಎಲ್ಲವೂ ಇನ್ನೊಂದು ಕಡೆಗಿವೆ. ಒಂದೇ ಒಂದು ಪಾಠ ಮಾತ್ರ ಶುದ್ಧವಾದರೆ ಮಗು ಎರಡು ಪುಸ್ತಕಗಳ ನಡುವೆ ಸಿಕ್ಕಿಕೊಳ್ಳುತ್ತದೆ. 3 ಸೆಂ.ಮೀ., 4 ಸೆಂ.ಮೀ. ಬಾಹುಗಳ ಆಯತ ಬರೆದು ಕರ್ಣ ಎಳೆಯಿರಿ. 5 ಸೆಂ.ಮೀ. ಉದ್ದದ ಆ ಗೆರೆ ಆಯತಕ್ಕೆ ಕರ್ಣ, ಅದು ಮಾಡಿದ ಎರಡು ತ್ರಿಭುಜಗಳಿಗೆ ವಿಕರ್ಣ. ಪಾಠದಲ್ಲಿ ಈ ಒಂದು ಚಿತ್ರ ಇದ್ದರೆ ಸಾಕು, ಹೆಸರು ಬದಲಿಸುವ ಗೋಜೇ ಬೇಡ.

ಈಗ ನಾವು ಕೆಲವರು ಸೇರಿ ಪಾಠ ಅನುವಾದಿಸುವಾಗ ಪದಪಟ್ಟಿಗೆ ಮೂರು ಕಲಂ ಇಡುತ್ತೇವೆ. ಮೊದಲನೆಯದು ಮೂಲ ಪದ, ಎರಡನೆಯದು ಹಿಂದಿನ ತರಗತಿಯ ಪುಸ್ತಕದಲ್ಲಿ ಅದಕ್ಕಿರುವ ಕನ್ನಡ, ಮೂರನೆಯದು ಈ ಪಾಠದಲ್ಲಿ ಬಳಸಬಾರದ ಮಾತುಗಳು. ಶಕ್ತಿಯ ಎದುರು ಶಕ್ತಿಶಾಲಿ, ಶಕ್ತಿಮೀರಿ. ಸಾಮರ್ಥ್ಯದ ಎದುರು ಸಮರ್ಥ, "ಟ್ಯಾಂಕಿನ ಸಾಮರ್ಥ್ಯ". ಕೆಲಸದ ಎದುರು "ಸೂತ್ರ ಕೆಲಸ ಮಾಡುತ್ತದೆ" ಎಂಬಂಥವು. ಕರಡು ಮುಗಿದ ಮೇಲೆ ಅನುವಾದ ಮಾಡದ ಇನ್ನೊಬ್ಬರು ಒಂದೊಂದೇ ಪದವನ್ನು ಕಡತದಲ್ಲಿ ಹುಡುಕುತ್ತಾ, ಸಿಕ್ಕ ಪ್ರತಿ ಕಡೆಯೂ ಯಾವ ಅರ್ಥ ಎಂದು ನೋಡುತ್ತಾರೆ. ವಿಭಕ್ತಿ ಹತ್ತಿದ ರೂಪಗಳೂ ಸಿಗಬೇಕಾದ್ದರಿಂದ ಮೂಲರೂಪವನ್ನಷ್ಟೇ ಕೊಟ್ಟು ಹುಡುಕಬೇಕು. 'ಬಲ' ಅಂತ ಹಾಕಿದರೆ ಬಲಗಡೆ, ಪ್ರಬಲ, ದುರ್ಬಲ ಎಲ್ಲವೂ ಮೆರವಣಿಗೆ ಬರುತ್ತವೆ. ಬೇಸರದ ಕೆಲಸ, ಆದರೆ ಬೇಕಾಗಿದ್ದೂ ಅದೇ.

ಅತಿ ಹೆಚ್ಚು ಸಿಕ್ಕಿಬೀಳುವುದು ಅಭ್ಯಾಸದ ಪ್ರಶ್ನೆಗಳಲ್ಲಿ. ಪಾಠ ಒಬ್ಬರು, ಅಭ್ಯಾಸ ಇನ್ನೊಬ್ಬರು ಅಂತ ಹಂಚಿಕೊಂಡಿರುತ್ತೇವೆ. ಕೊನೆಯ ದಿನದ ಅವಸರ ಬೇರೆ. ಒಳಗೆ "ಸಾಮರ್ಥ್ಯ" ಅಂತ ಕಲಿಸಿ, ಪ್ರಶ್ನೆಯಲ್ಲಿ "ಮೋಟಾರಿನ ಶಕ್ತಿ ಎಷ್ಟು ವ್ಯಾಟ್?" ಎಂದು ಕೇಳಿರುತ್ತೇವೆ. ಹಾಗಾಗಿ ಹುಡುಕಾಟವನ್ನು ಈಗ ಪುಸ್ತಕದ ಹಿಂಬದಿಯಿಂದ, ಅಭ್ಯಾಸದಿಂದಲೇ ಶುರು ಮಾಡುತ್ತೇವೆ.