ಆಶೀರ್ವಾದ ಎಷ್ಟು ಹಾಕಿದ್ರು?

ಮದುವೆ ಕಾಗದದ ತಳದಲ್ಲಿ ‘ಆಶೀರ್ವಾದವೇ ಉಡುಗೊರೆ’ ಅಂತ ಒಂದು ಸಾಲು ಇರುತ್ತದೆ. ಗಣಪತಿ ಶ್ಲೋಕ ದೊಡ್ಡಕ್ಷರದಲ್ಲಿ, ಮುಹೂರ್ತ ದಪ್ಪಕ್ಷರದಲ್ಲಿ. ಈ ಸಾಲು ಮಾತ್ರ ಇರುವೆ ಸಾಲು. ಕಣ್ಣಿಗೆ ಬಿದ್ದರೆ ನಿಮ್ಮ ಪುಣ್ಯ, ಬೀಳದಿದ್ದರೆ ಅವರ ಪುಣ್ಯ.

ಮಂಡ್ಯ ಕಡೆಯ ನಮ್ಮ ಚಿಕ್ಕಪ್ಪ ಮಗಳ ಮದುವೆಗೆ ನಿಜವಾಗಿಯೂ ಏನೂ ತಗೋಬಾರದು ಅಂತ ತೀರ್ಮಾನಿಸಿದರು. ‘ಏನೇನೋ ಬರೀತೀಯಲ್ಲ, ಆ ಸಾಲೂ ನೀನೇ ಬರಿ. ಬೇಡ ಅಂತ ಗೊತ್ತಾಗಬೇಕು, ಯಾರಿಗೂ ಚುಚ್ಚಬಾರದು’ ಅಂದರು.

‘ಉಡುಗೊರೆ ಸ್ವೀಕರಿಸುವುದಿಲ್ಲ’ ಅಂತ ಬರೆದೆ. ಚಿಕ್ಕಮ್ಮ ಓದಿ, ‘ಅಂಗಡಿ ಗಲ್ಲಾಪೆಟ್ಟಿಗೆ ಮೇಲೆ ಹರಿದ ನೋಟು ತಗೊಳಲ್ಲ ಅಂತ ಬೋರ್ಡ್ ಹಾಕಿದ ಹಾಗಿದೆ’ ಅಂದರು. ‘ನಿಮ್ಮ ಆಗಮನವೇ ನಮಗೆ ಉಡುಗೊರೆ’ ಅಂದೆ. ‘ಇದರಲ್ಲಿ ಬೇಡ ಅನ್ನೋದು ಎಲ್ಲಿದೆ? ಆಗಮನವನ್ನೂ ಕೊಟ್ಟು ಕವರನ್ನೂ ಕೊಡ್ತಾರೆ’ ಅಂದರು ಚಿಕ್ಕಪ್ಪ. ಅದೂ ನಿಜವೇ. ಆ ಸಾಲು ಚೆಂದವಾಗಿದೆಯೇ ಹೊರತು ಯಾರನ್ನೂ ತಡೆಯುವುದಿಲ್ಲ.

ಆಮೇಲೆ ಬಂದದ್ದು ‘ವಸ್ತು ರೂಪದ ಉಡುಗೊರೆ ಬೇಡ’. ಇದರ ಅರ್ಥ ಚಿಕ್ಕ ಮಕ್ಕಳಿಗೂ ಗೊತ್ತು. ಗೋಡೆ ಗಡಿಯಾರ ಬೇಡ, ನೋಟು ಆಗಬಹುದು. ಹೋದ ವರ್ಷ ನಮ್ಮಣ್ಣನ ಮದುವೆಗೆ ಐದು ಗಡಿಯಾರ ಬಂದಿದ್ದವು, ಐದೂ ಬೇರೆ ಬೇರೆ ಟೈಮು ತೋರಿಸುತ್ತಿದ್ದವು. ಹಾಗಾಗಿ ನನಗೆ ಆ ಸಾಲಿನ ಮೇಲೆ ಸ್ವಲ್ಪ ಪ್ರೀತಿ ಇತ್ತು, ಒಪ್ಪಿಕೊಳ್ಳುತ್ತೇನೆ.

ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಒಂದು ಹೆಜ್ಜೆ ಮುಂದೆ. ಕಾಗದದ ಮೇಲೆ ಕ್ಯೂಆರ್ ಕೋಡ್ ಹಾಕಿ, ಕೆಳಗೆ ‘ಇಚ್ಛೆಯುಳ್ಳವರು ನಮ್ಮೂರ ಶಾಲೆಗೆ ಕೊಡಬಹುದು’ ಅಂತ ಬರೆಸೋಣ ಅಂದ. ಪ್ರೆಸ್ಸಿನವರು ಅನುಭವಸ್ಥರು. ‘ಚಿನ್ನದ ಬಣ್ಣದಲ್ಲಿ ಬೇಡ ಸಾರ್. ಹೊಳೆದರೆ ಫೋನು ಓದಲ್ಲ. ಬಿಳಿ ಮೇಲೆ ಕಪ್ಪಿರಲಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾಗೋದು ಬೇಡ’ ಅಂದರು. ಮಾದರಿ ಪ್ರತಿ ಬಂತು. ಚಿಕ್ಕಮ್ಮ ಸ್ಕ್ಯಾನ್ ಮಾಡಿದರು. ಹಣ ಯಾರಿಗೆ ಹೋಗುತ್ತದೆ ಅಂತ ಪರದೆ ಮೇಲೆ ಹೆಸರು ಬರುತ್ತದಲ್ಲ, ಅಲ್ಲಿ ಶಾಲೆಯ ಹೆಸರಿರಲಿಲ್ಲ, ಮಗನ ಹೆಸರಿತ್ತು. ‘ಆಮೇಲೆ ಒಟ್ಟಿಗೆ ಕಟ್ಟೋಣ ಅಂತಿದ್ದೆ ಅಮ್ಮಾ’ ಅಂದ. ಕ್ಯೂಆರ್ ಅಲ್ಲಿಗೇ ಮುಗಿಯಿತು.

ಹೀಗೆ ನಾಲ್ಕು ದಿನ ಕಳೆಯಿತು. ಪ್ರೆಸ್ಸಿನವರಿಗೆ ಸುಸ್ತಾಗಿ, ‘ಎಲ್ಲರೂ ಮಾಡೋದನ್ನೇ ಮಾಡಿ. ಇಂಗ್ಲಿಷ್ ಕಾಗದದಲ್ಲಿ ಬೇಡ ಅಂತ ಹಾಕಿ, ಕನ್ನಡದ್ದರಲ್ಲಿ ಬಿಟ್ಟುಬಿಡಿ’ ಅಂದರು. ಆಫೀಸಿನವರಿಗೆ ಸಂಸ್ಕಾರ, ಊರಿನವರಿಗೆ ಮುಯ್ಯಿ. ಎಂಥ ಏರ್ಪಾಡು!

ಅಷ್ಟರಲ್ಲಿ ಊರಿಂದ ದೊಡ್ಡಪ್ಪ ಬಂದರು. ವಿಷಯ ಕೇಳಿ ಮುಖ ಸಪ್ಪೆ ಮಾಡಿಕೊಂಡರು. ‘1998ರಲ್ಲಿ ನನ್ನ ಮಗಳ ಮದುವೆಗೆ ನೀನು 101 ರೂಪಾಯಿ ಮುಯ್ಯಿ ಮಾಡಿದ್ದೆ. ಪುಸ್ತಕದಲ್ಲಿದೆ. ಈಗ ಬೇಡ ಅಂದ್ರೆ ನಾನು ಸಾಲ ಹೊತ್ತುಕೊಂಡೇ ಸಾಯಬೇಕಾ?’

ಆಗ ಗೊತ್ತಾಯಿತು, ನಾಲ್ಕು ದಿನ ನಾವು ಬೇಡ ಅನ್ನುತ್ತಿದ್ದದ್ದು ಉಡುಗೊರೆಗೆ, ಊರಿನವರು ತರುತ್ತಿದ್ದದ್ದು ಬಾಕಿ. ಬಾಕಿ ತೀರಿಸಲು ಬಂದವರಿಗೆ ಆಶೀರ್ವಾದ ಸಾಕು ಅಂದರೆ ಅದು ದಾಕ್ಷಿಣ್ಯವಲ್ಲ, ಅವಮಾನ. ಕೊನೆಗೆ ಹೀಗೆ ಬರೆದೆ: ‘ಈ ಮದುವೆಯಲ್ಲಿ ಮುಯ್ಯಿ, ಉಡುಗೊರೆ ಯಾವುದನ್ನೂ ಇಟ್ಟುಕೊಂಡಿಲ್ಲ. ಎಲ್ಲರೂ ಬಂದು ಊಟ ಮಾಡಿ ಮಕ್ಕಳನ್ನು ಹರಸಿ.’ ‘ತರಬೇಡಿ’ ಅಂದರೆ ಬರುವವರ ಕೈ ಹಿಡಿದು ನಿಲ್ಲಿಸಿದ ಹಾಗೆ. ‘ಇಟ್ಟುಕೊಂಡಿಲ್ಲ’ ಅಂದರೆ ಅದು ನಮ್ಮ ಮನೆಯ ತೀರ್ಮಾನ. ಮುಯ್ಯಿಯ ಹೆಸರನ್ನೇ ಎತ್ತಿದ್ದರಿಂದ ಕವರ್ ಇದಕ್ಕೆ ಸೇರುತ್ತೋ ಇಲ್ಲವೋ ಅನ್ನುವ ಅನುಮಾನ ಉಳಿಯಲಿಲ್ಲ. ‘ಎಲ್ಲರೂ’ ಅಂದದ್ದು, ತಾನೊಬ್ಬನೇ ಬರಿಗೈಲಿ ಬಂದೆನೇನೋ ಅಂತ ಯಾರೂ ಮುಜುಗರ ಪಡಬಾರದು ಅಂತ. ಬಾಕಿ ಇದ್ದ ಹಿರಿಯರಿಗೆ ಚಿಕ್ಕಪ್ಪ ತಾವೇ ಫೋನ್ ಮಾಡಿದರು. ಆ ಕೆಲಸ ಕಾಗದದಿಂದ ಆಗುವುದಿಲ್ಲ.

ಸಾಲು ಕೆಲಸ ಮಾಡಿತು. ಆರತಕ್ಷತೆಯ ಸಾಲಿನಲ್ಲಿ ಜನ ಕೈ ಎಲ್ಲಿಡಬೇಕು ಅಂತ ಗೊತ್ತಾಗದೆ ಒದ್ದಾಡಿದರು, ಆದರೂ ಕವರ್ ಕೊಟ್ಟವರು ಮೂರೇ ಜನ. ದೊಡ್ಡಪ್ಪನ 101 ರೂಪಾಯಿ ಮಾತ್ರ ಚಿಕ್ಕಪ್ಪ ಕಣ್ಣಿಗೊತ್ತಿಕೊಂಡು ಇಸಿದುಕೊಂಡರು.

ಮೂರು ತಿಂಗಳಾದ ಮೇಲೆ ಅವರ ಮನೆಗೆ ಹೋಗಿದ್ದೆ. ಚಿಕ್ಕಮ್ಮ ಹೊಸ ನೋಟ್‌ಬುಕ್ ಹಿಡಿದು ಕೂತಿದ್ದರು. ಬಂದವರ ಹೆಸರೆಲ್ಲ ಇತ್ತು. ಮೊತ್ತದ ಜಾಗದಲ್ಲಿ ಪ್ರತಿಯೊಬ್ಬರಿಗೂ ‘ಆಶೀರ್ವಾದ’ ಅಂತ ಬರೆದಿತ್ತು.

‘ಇದೇನು ಚಿಕ್ಕಮ್ಮಾ?’

‘ನಾಳೆ ಅವರ ಮನೆ ಮದುವೆಗೆ ಹೋಗಬೇಕಲ್ಲಪ್ಪ. ಅವರು ಎಷ್ಟು ಹಾಕಿದ್ದಾರೋ ಅಷ್ಟೇ ತಾನೇ ನಾವೂ ಹಾಕೋದು?’